ಮೂವರು ಮೇಸ್ತ್ರಿ, ಏಳು ಕೈಯಾಳು



ಕಟ್ಟಡದ ಕೆಲಸ ನಡೆಯುವ ಕಡೆ ಶನಿವಾರ ಸಂಜೆ ಬಟವಾಡೆ. ಹಾಜರಿ ಪುಸ್ತಕ ಬಿಚ್ಚಿ, ಯಾರು ಎಷ್ಟು ದಿನ ಬಂದರು, ಯಾರಿಗೆ ಎಷ್ಟು ಮುಂಗಡ ಹೋಗಿದೆ ಎಂದು ನೋಡಿ ಹಣ ಎಣಿಸಿ ಕೊಡುತ್ತಾರೆ. ಅಲ್ಲಿಗೆ ಕೂಲಿಯ ಲೆಕ್ಕ ಮುಗಿಯಿತೆಂದು ಹೆಚ್ಚಿನವರು ಪುಸ್ತಕ ಮುಚ್ಚಿಬಿಡುತ್ತಾರೆ. ಎಷ್ಟು ಕೊಟ್ಟೆವು ಎಂಬುದು ಆಗ ಗೊತ್ತಾಗಿರುತ್ತದೆ. ಆದರೆ ಅಂದುಕೊಂಡದ್ದಕ್ಕಿಂತ ಹೆಚ್ಚು ಯಾಕೆ ಕೊಟ್ಟೆವು ಎಂಬುದು ಗೊತ್ತಾಗಿರುವುದಿಲ್ಲ. ಕೂಲಿ ದರ ಏರಿತೇ? ತಂಡದಲ್ಲಿ ಮೇಸ್ತ್ರಿಗಳು ಕಡಿಮೆಯಾಗಿ ಕೈಯಾಳುಗಳು ಹೆಚ್ಚಾದರೇ? ಇಲ್ಲವೇ ಇದ್ದ ಆಳುಗಳಿಂದ ಏಳಬೇಕಾದಷ್ಟು ಗೋಡೆ ಏಳಲಿಲ್ಲವೇ? ಈ ಮೂರನ್ನೂ ಬೇರೆಬೇರೆಯಾಗಿ ಅಳೆಯುವ ಕ್ರಮ ವೆಚ್ಚ ಲೆಕ್ಕಶಾಸ್ತ್ರದಲ್ಲಿದೆ. ಅದರಲ್ಲಿ ಕೊನೆಯ ಎರಡರ ಬಗ್ಗೆ, ಅಂದರೆ ಮಿಶ್ರಣ ವ್ಯತ್ಯಾಸ ಮತ್ತು ಇಳುವರಿ ವ್ಯತ್ಯಾಸದ ಬಗ್ಗೆ, ಇವತ್ತು ಒಂದು ಇಟ್ಟಿಗೆ ಗೋಡೆಯ ಲೆಕ್ಕ ಹಿಡಿದು ಮಾತಾಡುತ್ತೇನೆ.

ಈ ಲೆಕ್ಕಕ್ಕೆ ಬುಡವೇ ಒಂದು ಪ್ರಮಾಣಿತ ತಂಡ. ಇಟ್ಟಿಗೆ ಕಟ್ಟುವ ಕೆಲಸಕ್ಕೆ ಇಬ್ಬರು ಮೇಸ್ತ್ರಿಗಳಿಗೆ ಮೂವರು ಕೈಯಾಳುಗಳು ಸಾಕು, ಈ ಐವರಿಂದ ದಿನಕ್ಕೆ 1,000 ಇಟ್ಟಿಗೆಯ ಗೋಡೆ ಏಳಬೇಕು ಎಂದು ಮೊದಲೇ ನೋಡಿ, ಅಳೆದು ನಿಗದಿ ಮಾಡಿಕೊಂಡಿದ್ದೇವೆ ಎನ್ನಿ. ಮೇಸ್ತ್ರಿಗೆ ದಿನಕ್ಕೆ 1,000 ರೂಪಾಯಿ, ಕೈಯಾಳಿಗೆ 600. ಈ ದರಗಳು ಲೆಕ್ಕ ಸುಲಭವಾಗಲಿ ಎಂದು ನಾನು ಇಟ್ಟುಕೊಂಡವು, ನಿಮ್ಮ ಊರಿನ ದರ ಬೇರೆ ಇರಬಹುದು. ಇಬ್ಬರು ಮೇಸ್ತ್ರಿಗಳಿಗೆ 2,000, ಮೂವರು ಕೈಯಾಳುಗಳಿಗೆ 1,800, ಒಟ್ಟು 3,800 ರೂಪಾಯಿ. ಅಂದರೆ ಸಾವಿರ ಇಟ್ಟಿಗೆ ಕಟ್ಟಲು 3,800 ರೂಪಾಯಿ ಕೂಲಿ. ಇದನ್ನೇ ಐದರಿಂದ ಭಾಗಿಸಿದರೆ ಒಂದು ಆಳಿಗೆ ಸರಾಸರಿ 760 ರೂಪಾಯಿ ಬೀಳುತ್ತದೆ. ಒಬ್ಬರ ಒಂದು ದಿನದ ಕೆಲಸವನ್ನು ಒಂದು ಆಳು ಎಂದು ಎಣಿಸುವ ನಮ್ಮ ರೂಢಿಯನ್ನೇ ನಾನು ಮುಂದೆಯೂ ಬಳಸುತ್ತೇನೆ. ಹಾಗೆ ಎಣಿಸಿದರೆ ಒಂದು ಆಳಿಗೆ 200 ಇಟ್ಟಿಗೆ. 760 ಮತ್ತು 200, ಈ ಎರಡು ಸಂಖ್ಯೆ ನೆನಪಿನಲ್ಲಿರಲಿ.

ಈಗ ಕೆಲಸಕ್ಕೆ ಬರೋಣ. ಒಂದು ಶಾಲೆಯ ಕಾಂಪೌಂಡ್ ಗೋಡೆ. ಪ್ರಮಾಣಿತ ತಂಡದ ಎರಡರಷ್ಟು ಜನ, ಅಂದರೆ ನಾಲ್ವರು ಮೇಸ್ತ್ರಿಗಳು ಆರು ಕೈಯಾಳುಗಳು, ದಿನಕ್ಕೆ ಹತ್ತು ಆಳಿನಂತೆ ಹನ್ನೆರಡು ದಿನ ಎಂದು ಯೋಜನೆ. ಕೆಲಸ ಶುರುವಾಗುವ ಹೊತ್ತಿಗೆ ಒಬ್ಬ ಮೇಸ್ತ್ರಿ ಸಿಗಲಿಲ್ಲ. ಹತ್ತು ಜನ ಇರಲೇಬೇಕೆಂದು ಗುತ್ತಿಗೆದಾರರು ಅವನ ಜಾಗಕ್ಕೆ ಒಬ್ಬ ಕೈಯಾಳನ್ನು ಸೇರಿಸಿದರು. ಹೀಗೆ ದಿನವೂ ಮೂವರು ಮೇಸ್ತ್ರಿಗಳು, ಏಳು ಕೈಯಾಳುಗಳು. ಹನ್ನೆರಡು ದಿನಕ್ಕೆ ಮೇಸ್ತ್ರಿ ಆಳು 36, ಕೈಯಾಳು 84, ಒಟ್ಟು 120. ಕೊನೆಯಲ್ಲಿ ಎಣಿಸಿದರೆ ಗೋಡೆಗೆ ಹೋದ ಇಟ್ಟಿಗೆ 21,000.

ಮೇಸ್ತ್ರಿಗಳ ಕೊರತೆ ಇದ್ದುದರಿಂದ ಇದ್ದ ಮೂವರು ದಿನಕ್ಕೆ 50 ರೂಪಾಯಿ ಹೆಚ್ಚು ಕೇಳಿದರು, ಕೊಟ್ಟದ್ದೂ ಆಯಿತು. 36 ಆಳಿಗೆ 1,800 ರೂಪಾಯಿ ಹೆಚ್ಚು ಹೋಯಿತು. ಇದು ದರದ ವ್ಯತ್ಯಾಸ. ಅದನ್ನು ಇಲ್ಲಿಗೇ ಪಕ್ಕಕ್ಕಿಟ್ಟು, ಮುಂದಿನ ಲೆಕ್ಕವನ್ನೆಲ್ಲ ನಿಗದಿತ ದರದಲ್ಲೇ ಮಾಡಬೇಕು. ಇಲ್ಲವಾದರೆ ದರ ಏರಿದ ಪರಿಣಾಮ ತಂಡದ ಲೆಕ್ಕದೊಳಕ್ಕೆ ಸೇರಿ ಎಲ್ಲವೂ ಕಲಸಿಹೋಗುತ್ತದೆ.

21,000 ಇಟ್ಟಿಗೆಗೆ ನಮ್ಮ ಪ್ರಮಾಣದಂತೆ ಬೇಕಾದದ್ದು 105 ಆಳು: ಮೇಸ್ತ್ರಿ 42, ಕೈಯಾಳು 63. ನಿಗದಿತ ದರದಲ್ಲಿ ಇದರ ಕೂಲಿ 79,800 ರೂಪಾಯಿ. ನಿಜವಾಗಿ ದುಡಿದ 36 ಮೇಸ್ತ್ರಿ, 84 ಕೈಯಾಳಿನ ಕೂಲಿ ಅದೇ ದರದಲ್ಲಿ 86,400. ಹೆಚ್ಚಾದದ್ದು 6,600 ರೂಪಾಯಿ. ಹೆಚ್ಚಿನ ಕಡೆ ವರದಿ ಇಲ್ಲಿಗೆ ನಿಲ್ಲುತ್ತದೆ. ‘ಕಾರ್ಮಿಕರ ದಕ್ಷತೆ ಕಡಿಮೆ, ನಷ್ಟ 6,600’ ಎಂದು ಒಂದು ಸಾಲು ಬರೆದು ಸಹಿ ಹಾಕುತ್ತಾರೆ. ಆ ಸಾಲು ಕೆಲಸಗಾರರಿಗೆ ಮಾಡುವ ಅನ್ಯಾಯ. ಯಾಕೆ ಎಂದು ಹೇಳುತ್ತೇನೆ.

ಈ 6,600ನ್ನು ಒಡೆಯುವ ಮೊದಲು ಮಾಡಲೇಬೇಕಾದ ಇನ್ನೊಂದು ಕೆಲಸವಿದೆ. ಹಾಜರಿ ಪುಸ್ತಕದಲ್ಲಿ 120 ಆಳು ಇದ್ದರೂ ಆರನೆಯ ದಿನ ಮಧ್ಯಾಹ್ನದ ಮೇಲೆ ಮರಳಿನ ಲಾರಿ ಬರಲಿಲ್ಲ. ಹತ್ತೂ ಜನ ಅರ್ಧ ದಿನ ನೆರಳಿನಲ್ಲಿ ಕೂತರು. ಕೂಲಿ ಕೊಡಲೇಬೇಕು, ಅದು ಅವರ ಹಕ್ಕು. ಆದರೆ ಆ ಐದು ಆಳಿನಿಂದ ಇಟ್ಟಿಗೆ ಏಳಬೇಕಾಗಿತ್ತು ಎಂದು ನಿರೀಕ್ಷಿಸುವುದು ಸರಿಯಲ್ಲ. ಮೇಸ್ತ್ರಿ ಒಂದೂವರೆ ಆಳಿಗೆ 1,500, ಕೈಯಾಳು ಮೂರೂವರೆಗೆ 2,100, ಒಟ್ಟು 3,600 ರೂಪಾಯಿ. ಇದು ಖಾಲಿ ಕೂತ ಹೊತ್ತಿನ ನಷ್ಟ. ಇದಕ್ಕೆ ಉತ್ತರ ಕೊಡಬೇಕಾದವರು ಮರಳು ತರಿಸುವವರು. ಇದನ್ನು ತೆಗೆಯದೆ ಇಳುವರಿ ಲೆಕ್ಕ ಹಾಕಿದರೆ ಕೊರತೆ 11,400 ರೂಪಾಯಿ ಎಂದು ಬರುತ್ತದೆ. ತೆಗೆದರೆ ಎಷ್ಟಾಗುತ್ತದೆ ಎಂದು ಈಗ ನೋಡೋಣ.

ನಿಜವಾಗಿ ದುಡಿದದ್ದು 115 ಆಳು: ಮೇಸ್ತ್ರಿ 34.5, ಕೈಯಾಳು 80.5. ಮೊದಲು ಮಿಶ್ರಣದ ಪ್ರಶ್ನೆ ಕೇಳೋಣ. ಇದೇ 115 ಆಳು ಎರಡಕ್ಕೆ ಮೂರರ ಪ್ರಮಾಣದಲ್ಲಿ ಬಂದಿದ್ದರೆ ಮೇಸ್ತ್ರಿ 46, ಕೈಯಾಳು 69 ಇರಬೇಕಿತ್ತು. ಮೇಸ್ತ್ರಿ 11.5 ಆಳು ಕಡಿಮೆ ಬಂದರು, ಅಲ್ಲಿ 11,500 ರೂಪಾಯಿ ಉಳಿಯಿತು. ಕೈಯಾಳು ಅಷ್ಟೇ ಹೆಚ್ಚು ಬಂದರು, ಅಲ್ಲಿ 6,900 ಹೋಯಿತು. ಎರಡನ್ನೂ ಕೂಡಿ ಕಳೆದರೆ 4,600 ರೂಪಾಯಿ ಉಳಿತಾಯ. ಇದೇ ಮಿಶ್ರಣ ವ್ಯತ್ಯಾಸ, ನಮ್ಮ ಪಠ್ಯಪುಸ್ತಕಗಳಲ್ಲಿ ಗ್ಯಾಂಗ್ ವ್ಯತ್ಯಾಸ ಎಂಬ ಹೆಸರೂ ಇದಕ್ಕಿದೆ. ಇಲ್ಲಿ ಅದು ಅನುಕೂಲ.

ಎರಡನೆಯದು ಇಳುವರಿಯ ಪ್ರಶ್ನೆ. 115 ಆಳಿನಿಂದ, ಆಳಿಗೆ 200ರಂತೆ, 23,000 ಇಟ್ಟಿಗೆ ಏಳಬೇಕಿತ್ತು. ಎದ್ದದ್ದು 21,000. 2,000 ಇಟ್ಟಿಗೆ ಕಡಿಮೆ, ಅಂದರೆ ಹತ್ತು ಆಳಿನ ಕೆಲಸ. ಆಳಿಗೆ 760ರಂತೆ 7,600 ರೂಪಾಯಿ. ಇದು ಇಳುವರಿ ವ್ಯತ್ಯಾಸ, ಪ್ರತಿಕೂಲ. ತಾಳೆ ನೋಡಿ: ಖಾಲಿ ಹೊತ್ತಿನ 3,600 ಮತ್ತು ಇಳುವರಿಯ 7,600 ಸೇರಿ 11,200 ನಷ್ಟ, ಮಿಶ್ರಣದ 4,600 ಉಳಿತಾಯ ಕಳೆದರೆ 6,600. ಲೆಕ್ಕ ಕೂಡಿತು.

ಈಗ ಯಾರನ್ನು ಹೊಣೆ ಮಾಡುತ್ತೀರಿ? ಕಾಗದ ನೋಡಿದರೆ ಜನರನ್ನು ಕರೆತಂದ ಗುತ್ತಿಗೆದಾರರು 4,600 ಉಳಿಸಿದ ಜಾಣರು. ಸ್ಥಳದಲ್ಲಿ ನಿಂತು ಕೆಲಸ ಮಾಡಿಸಿದ ಮೇಲ್ವಿಚಾರಕ 7,600 ಕಳೆದವನು. ಕೆಲಸ ಮಾಡಿದವರು ಮೈಗಳ್ಳರು. ಈ ಮೂರು ತೀರ್ಮಾನವೂ ತಪ್ಪು. ಅದನ್ನು ತೋರಿಸಲು ಒಂದು ಭಾಗಾಕಾರ ಸಾಕು. 21,000 ಇಟ್ಟಿಗೆಯನ್ನು ಮೇಸ್ತ್ರಿಗಳು ದುಡಿದ 34.5 ಆಳಿನಿಂದ ಭಾಗಿಸಿ. ಒಬ್ಬ ಮೇಸ್ತ್ರಿಯ ಕೈಯಿಂದ ದಿನಕ್ಕೆ ಸುಮಾರು 609 ಇಟ್ಟಿಗೆ ಕೂತಿದೆ. ನಾವು ನಿಗದಿ ಮಾಡಿದ್ದು 500. ಅಂದರೆ ಪ್ರತಿಯೊಬ್ಬ ಮೇಸ್ತ್ರಿಯೂ ಪ್ರಮಾಣಕ್ಕಿಂತ ನೂರಕ್ಕೂ ಹೆಚ್ಚು ಇಟ್ಟಿಗೆ ಕಟ್ಟಿದ್ದಾನೆ. ಆದರೂ ಇಳುವರಿ ಪ್ರತಿಕೂಲ ಎಂದು ಬಂದಿದೆ.

ಹೀಗೆ ಬರಲು ಕಾರಣ, ಇಳುವರಿ ವ್ಯತ್ಯಾಸ ಮೇಸ್ತ್ರಿಯ ಆಳನ್ನೂ ಕೈಯಾಳನ್ನೂ ಒಂದೇ ಗುಡ್ಡೆ ಮಾಡಿ, ತಲೆಗೆ ಇನ್ನೂರು ಇಟ್ಟಿಗೆ ಕೇಳುತ್ತದೆ. ಇಟ್ಟಿಗೆ ಕೂರಿಸುವ ಕೈ ಮೇಸ್ತ್ರಿಯದೊಂದೇ. ಕೈಯಾಳು ಇಟ್ಟಿಗೆ ನೆನೆಸುತ್ತಾನೆ, ಗಾರೆ ಕಲಸುತ್ತಾನೆ, ಬಾಣಲಿಯಲ್ಲಿ ಹೊತ್ತು ಸಾರವೆಯ ಮೇಲಕ್ಕೆ ಮುಟ್ಟಿಸುತ್ತಾನೆ. ನಾಲ್ಕು ಕೂರಿಸುವ ಕೈ ಇರಬೇಕಾದಲ್ಲಿ ಮೂರೇ ಇದ್ದರೆ, ಮುಟ್ಟಿಸುವ ಕೈ ಎಷ್ಟು ಹೆಚ್ಚಿದರೂ ಗೋಡೆ ಏಳುವುದಕ್ಕೆ ಒಂದು ಮಿತಿ ಇದ್ದೇ ಇದೆ. ಮಿಶ್ರಣದಲ್ಲಿ ಉಳಿದ 4,600 ಮತ್ತು ಇಳುವರಿಯಲ್ಲಿ ಹೋದ 7,600 ಒಂದೇ ನಿರ್ಧಾರದ ಎರಡು ಮುಖ. ಅದಕ್ಕೇ ನಾನು ಹೇಳುವುದು: ಈ ಎರಡು ವ್ಯತ್ಯಾಸಗಳನ್ನು ಬೇರೆಬೇರೆ ಲೆಕ್ಕ ಹಾಕಬೇಕು, ಆದರೆ ಒಟ್ಟಿಗೇ ಓದಬೇಕು. ಒಟ್ಟಿಗೆ ಓದಿದರೆ ಈ ತಂಡ ಬದಲಾದದ್ದರಿಂದ ಆದ ನಿಜವಾದ ನಷ್ಟ 3,000 ರೂಪಾಯಿ. ಆ ಮೂರು ಸಾವಿರ ಬರಬೇಕಾದದ್ದು ತಂಡ ಕಟ್ಟಿದವರ ಲೆಕ್ಕಕ್ಕೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗೋಣ. ಮೂರು ಮತ್ತು ಏಳರ ಈ ತಂಡ ನಷ್ಟವಿಲ್ಲದೆ ನಡೆಯಬೇಕಾದರೆ ದಿನಕ್ಕೆ ಎಷ್ಟು ಇಟ್ಟಿಗೆ ಏಳಬೇಕಿತ್ತು? ತಂಡದ ದಿನದ ಕೂಲಿ 7,200. ಇಟ್ಟಿಗೆಗೆ ಮೂರು ರೂಪಾಯಿ ಎಂಬತ್ತು ಪೈಸೆಯಂತೆ ಭಾಗಿಸಿದರೆ ಸುಮಾರು 1,895. ನಿಜವಾಗಿ ಎದ್ದದ್ದು ದುಡಿದ ದಿನಕ್ಕೆ ಸುಮಾರು 1,826. ಕೊರತೆ 69 ಇಟ್ಟಿಗೆ, ಒಬ್ಬ ಮೇಸ್ತ್ರಿಗೆ 23. ಈಗಾಗಲೇ 609 ಕಟ್ಟುತ್ತಿರುವವನಿಂದ ಇನ್ನೂ 23 ಕೇಳುವುದು ನ್ಯಾಯವಲ್ಲ. ಇನ್ನೊಂದು ಕಡೆಯಿಂದ ನೋಡಿ. ಮೇಸ್ತ್ರಿ ಸಿಗದಿದ್ದಾಗ ಅವನ ಬದಲಿಗೆ ಯಾರನ್ನೂ ಹಾಕದೆ, ಮೂವರು ಮೇಸ್ತ್ರಿಗಳು ಆರು ಕೈಯಾಳುಗಳಷ್ಟೇ ಇದ್ದಿದ್ದರೆ? ದಿನದ ಕೂಲಿ 6,600 ಆಗುತ್ತಿತ್ತು. ಆಗ ದಿನಕ್ಕೆ ಸುಮಾರು 1,737 ಇಟ್ಟಿಗೆ ಎದ್ದರೂ ಸಾಕು, ಪ್ರಮಾಣದ ವೆಚ್ಚದೊಳಗೇ ಕೆಲಸ ಮುಗಿಯುತ್ತಿತ್ತು. ಏಳನೆಯ ಕೈಯಾಳು ದಿನಕ್ಕೆ 90 ಇಟ್ಟಿಗೆಯಷ್ಟನ್ನಾದರೂ ಹೆಚ್ಚಿಸಿದನೇ ಎಂಬುದು ಸ್ಥಳದಲ್ಲಿ ನಿಂತು ನೋಡಿದವರಿಗೆ ಮಾತ್ರ ಗೊತ್ತು.

ಸ್ಥಳದಲ್ಲಿ ನಿಂತರೆ ಏನು ನೋಡಬೇಕು? ಯಾರು ಯಾರಿಗಾಗಿ ಕಾಯುತ್ತಿದ್ದಾರೆ ಎಂಬುದನ್ನು ನೋಡಬೇಕು. ತುಂಬಿದ ಬಾಣಲಿಗಳು ಸಾರವೆಯ ಮೇಲೆ ಸಾಲಾಗಿ ಕೂತು ಗಾರೆ ಬಿಗಿಯುತ್ತಿದೆ, ಕೈಯಾಳುಗಳು ಕೆಳಗೆ ನಿಂತಿದ್ದಾರೆ ಎಂದರೆ ಮೇಸ್ತ್ರಿಗಳ ಕೊರತೆ. ಮೇಸ್ತ್ರಿ ಕರಣೆ ಕೆಳಗಿಟ್ಟು ತಾನೇ ಇಟ್ಟಿಗೆ ತರಲು ಇಳಿಯುತ್ತಿದ್ದಾನೆ ಎಂದರೆ ಕೈಯಾಳುಗಳ ಕೊರತೆ. ಆಗ ಸಾವಿರ ರೂಪಾಯಿಯ ಕೈ ಆರುನೂರು ರೂಪಾಯಿಯ ಕೆಲಸ ಮಾಡುತ್ತಿರುತ್ತದೆ. ಮೇಸ್ತ್ರಿಗಳೇ ಹೆಚ್ಚಿರುವ ತಂಡದಲ್ಲಿ ಮಿಶ್ರಣ ಪ್ರತಿಕೂಲ, ಇಳುವರಿ ಅನುಕೂಲ ಎಂದು ಬರುವುದೇ ಸಾಮಾನ್ಯ. ಎರಡೂ ಪ್ರತಿಕೂಲವಾಗಿ ಬಂದರೆ ಹೀಗೆ ಕರಣೆ ಕೆಳಗಿಟ್ಟ ಮೇಸ್ತ್ರಿಗಳನ್ನು ಮೊದಲು ಹುಡುಕಬೇಕು.

ಇಳುವರಿಯನ್ನು ಯಾವುದರಲ್ಲಿ ಅಳೆಯುತ್ತೇವೆ ಎಂಬುದೂ ಮುಖ್ಯ. ನಾನು ಇಟ್ಟಿಗೆ ಎಣಿಸಿದ್ದಕ್ಕೆ ಕಾರಣವಿದೆ. ನಮ್ಮಲ್ಲಿ ಗೋಡೆಯನ್ನು ಘನ ಮೀಟರಿನಲ್ಲಿ ಅಳೆಯುವುದು ವಾಡಿಕೆ. 19 ಸೆಂಟಿಮೀಟರ್ ಉದ್ದ, 9 ಅಗಲ, 9 ಎತ್ತರದ ಇಟ್ಟಿಗೆಗೆ 10 ಮಿಲಿಮೀಟರ್ ಗಾರೆಯ ಸಂದು ಬಿಟ್ಟರೆ ಒಂದು ಘನ ಮೀಟರಿಗೆ 500 ಇಟ್ಟಿಗೆ ಹಿಡಿಯುತ್ತದೆ. ಕೈ ಸಾಲದ ತಂಡ, ಅಥವಾ ಅವಸರಕ್ಕೆ ಕೈಯಾಳಿನ ಕೈಗೆ ಕರಣೆ ಕೊಟ್ಟ ತಂಡ, ವರಸೆಯ ನಡುವಿನ ಅಡ್ಡ ಸಂದನ್ನು 15 ಮಿಲಿಮೀಟರಿಗೆ ಏರಿಸಿಬಿಡುತ್ತದೆ. ಆಗ ಅದೇ ಇಟ್ಟಿಗೆಗಳಿಂದ ಗೋಡೆ ನೂರಕ್ಕೆ ಐದರಷ್ಟು ಎತ್ತರವಾಗುತ್ತದೆ. ಘನ ಮೀಟರಿನಲ್ಲಿ ಅಳೆದರೆ ಇಳುವರಿ ಚೆನ್ನಾಗಿದೆ ಎಂದೇ ಕಾಣುತ್ತದೆ. ಆದರೆ ಪ್ರತಿ ಇಟ್ಟಿಗೆಗೂ ಗಾರೆ ಐದನೇ ಒಂದು ಪಾಲಿಗಿಂತ ಹೆಚ್ಚು ತಿನ್ನುತ್ತದೆ. ಕೂಲಿಯ ಪುಟದಲ್ಲಿ ಕಂಡ ಲಾಭಕ್ಕೆ ಸಿಮೆಂಟಿನ ಪುಟದಲ್ಲಿ ದಂಡ ತೆರುತ್ತೇವೆ. ಅದಕ್ಕೇ ಇಳುವರಿಯ ವರದಿ ಓದುವಾಗ ಪಕ್ಕದಲ್ಲಿ ಸಿಮೆಂಟ್ ಚೀಲದ ಲೆಕ್ಕ ಇರಲಿ. ನಾಲ್ಕು ವರಸೆಯ ಎತ್ತರ ಟೇಪಿನಲ್ಲಿ ಅಳೆದರೂ ಸಾಕು, 40 ಸೆಂಟಿಮೀಟರಿಗೆ ಬದಲಾಗಿ 42 ಬಂದರೆ ವಿಷಯ ತಿಳಿಯುತ್ತದೆ. ತೂಗುಗುಂಡಿಗೆ ಸರಿಬರದೆ ಕೆಡವಿ ಮತ್ತೆ ಕಟ್ಟಿದ ಗೋಡೆಯನ್ನು ಎರಡು ಸಲ ಎಣಿಸಬಾರದು ಎಂಬುದನ್ನು ಬೇರೆ ಹೇಳಬೇಕಿಲ್ಲ.

ತಂಡ ಬದಲಾಯಿಸಿದರೆ ಯಾವಾಗಲೂ ನಷ್ಟವೇ ಎಂದು ತಿಳಿಯಬೇಡಿ. ಇಟ್ಟಿಗೆ ಕೆಲಸದ ಇತಿಹಾಸದಲ್ಲೇ ಇದಕ್ಕೆ ದೊಡ್ಡ ಉದಾಹರಣೆ ಇದೆ. ಅಮೆರಿಕದ ಫ್ರಾಂಕ್ ಗಿಲ್‌ಬ್ರೆತ್ ಗಾರೆ ಕೆಲಸದಿಂದಲೇ ಬದುಕು ಆರಂಭಿಸಿದವರು. ಇಟ್ಟಿಗೆ ಕಟ್ಟುವ ಕ್ರಮದ ಬಗ್ಗೆ 1909ರಲ್ಲಿ ಪುಸ್ತಕ ಬರೆದರು. ಅವರ ಪ್ರಯೋಗವನ್ನು ಫ್ರೆಡರಿಕ್ ಟೇಲರ್ 1911ರ ತಮ್ಮ ಪುಸ್ತಕದಲ್ಲಿ ವಿವರಿಸಿದ್ದಾರೆ. ಮೇಸ್ತ್ರಿ ಒಂದೊಂದು ಇಟ್ಟಿಗೆಗೂ ನೆಲಕ್ಕೆ ಬಗ್ಗಿ, ಎತ್ತಿ, ಅದರ ಒಳ್ಳೆಯ ಮುಖ ಯಾವುದೆಂದು ಕೈಯಲ್ಲಿ ತಿರುಗಿಸಿ ನೋಡುತ್ತಿದ್ದುದನ್ನು ಗಿಲ್‌ಬ್ರೆತ್ ಗಮನಿಸಿದರು. ಆ ವಿಂಗಡಿಸುವ ಕೆಲಸವನ್ನು ಕಡಿಮೆ ಕೂಲಿಯ ಕೈಯಾಳಿಗೆ ವಹಿಸಿದರು. ಕೈಯಾಳು ಇಟ್ಟಿಗೆಗಳನ್ನು ಮರದ ಚೌಕಟ್ಟಿನಲ್ಲಿ ಸರಿಯಾದ ಮುಖ ಮಾಡಿ ಜೋಡಿಸಿ, ಮೇಸ್ತ್ರಿಯ ಕೈಮಟ್ಟಕ್ಕೆ ಏರಿಸಿ ಇಡುತ್ತಿದ್ದ. ಗೋಡೆ ಎದ್ದಂತೆ ಏರಿಸಬಲ್ಲ ಸಾರವೆಯನ್ನೂ ಮಾಡಿದರು. ಒಂದು ಇಟ್ಟಿಗೆಗೆ ಹದಿನೆಂಟು ಇದ್ದ ಕೈಚಲನೆ ಐದಕ್ಕೆ ಇಳಿಯಿತು, ಗಂಟೆಗೆ ತಲೆಗೆ 120 ಇದ್ದ ಇಟ್ಟಿಗೆ 350 ಆಯಿತು ಎಂದು ಟೇಲರ್ ಬರೆದಿದ್ದಾರೆ. ಅಲ್ಲಿಯೂ ಕೈಯಾಳಿನ ಪಾಲಿಗೆ ಕೆಲಸ ಹೆಚ್ಚಿತು, ಆದರೆ ಆ ಕೈಯಾಳಿಗೆ ಮಾಡಲು ಒಂದು ಗೊತ್ತಾದ ಕೆಲಸ ಇತ್ತು. ನಮ್ಮ ಕಾಂಪೌಂಡ್ ಗೋಡೆಯ ಏಳನೆಯ ಕೈಯಾಳು ಖಾಲಿ ಜಾಗ ತುಂಬಲು ಬಂದವನು. ಅವನಿಗೆ ಯಾವ ಕೆಲಸ ಎಂದು ಯಾರೂ ಯೋಚಿಸಿರಲಿಲ್ಲ.

ಹಾಗಾಗಿ ತಿಂಗಳ ಮೇಲೆ ತಿಂಗಳು ಮಿಶ್ರಣ ಅನುಕೂಲ, ಇಳುವರಿಯೂ ಅನುಕೂಲ ಎಂದು ಬರುತ್ತಿದ್ದರೆ ಹಿಗ್ಗಿ ಸುಮ್ಮನಿರಬಾರದು, ಪ್ರಮಾಣಿತ ತಂಡವನ್ನೇ ತಿದ್ದಬೇಕು. ಎರಡಕ್ಕೆ ಮೂರು ಎಂದು ಎಂದೋ ಬರೆದಿಟ್ಟದ್ದು ಇವತ್ತಿನ ಕೆಲಸಕ್ಕೆ ಹೊಂದುತ್ತಿಲ್ಲ ಎಂದು ಅರ್ಥ. ನೆಲಮಟ್ಟದ ಗೋಡೆಗೆ ಒಪ್ಪುವ ತಂಡ ಮೂರನೆಯ ಮಹಡಿಗೆ ಒಪ್ಪುವುದಿಲ್ಲ, ಅಲ್ಲಿ ಹೊರುವ ಕೈ ಹೆಚ್ಚು ಬೇಕು. ಯಂತ್ರದಲ್ಲಿ ಗಾರೆ ಕಲಸಿ ಲಿಫ್ಟಿನಲ್ಲಿ ಏರಿಸುವ ಕಡೆ ಕಡಿಮೆ ಸಾಕು.

ಈ ಲೆಕ್ಕ ಎಲ್ಲಿ ಹೊಂದುವುದಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಒಬ್ಬರ ಕೆಲಸದಲ್ಲಿ ಸ್ವಲ್ಪವನ್ನಾದರೂ ಇನ್ನೊಬ್ಬರು ಮಾಡಬಹುದಾದ ಕಡೆ ಮಾತ್ರ ಮಿಶ್ರಣ ವ್ಯತ್ಯಾಸಕ್ಕೆ ಅರ್ಥವಿದೆ. ಗಾರೆ ಮೇಸ್ತ್ರಿಯನ್ನೂ ಎಲೆಕ್ಟ್ರಿಷಿಯನ್ನನ್ನೂ ಒಂದೇ ತಂಡದಲ್ಲಿ ಸೇರಿಸಿ ಮಿಶ್ರಣ ಲೆಕ್ಕ ಹಾಕಿದರೆ ಸಂಖ್ಯೆ ಬರುತ್ತದೆ, ತಿಳಿವಳಿಕೆ ಬರುವುದಿಲ್ಲ. ಅಂಥ ಕಡೆ ಒಬ್ಬೊಬ್ಬರ ದಕ್ಷತೆಯನ್ನು ಬೇರೆಬೇರೆಯಾಗಿಯೇ ನೋಡಬೇಕು. ಇನ್ನು ಕರಣೆ ಹಿಡಿಯಲು ಕಲಿಯುತ್ತಿರುವ ಅರೆ ಮೇಸ್ತ್ರಿಗಳಿರುತ್ತಾರೆ. ಅವರನ್ನು ಕೈಯಾಳಿನ ದರದಲ್ಲಿ ಬರೆದು ಮೇಸ್ತ್ರಿಯ ಕೆಲಸ ಮಾಡಿಸಿಕೊಂಡು, ಮಿಶ್ರಣದಲ್ಲೂ ಇಳುವರಿಯಲ್ಲೂ ಉಳಿಸಿದೆವು ಎನ್ನುವವರಿದ್ದಾರೆ. ಅದು ಆ ಹುಡುಗನ ಕೂಲಿಯಿಂದ ಕಿತ್ತ ಹಣ. ಅವರಿಗೆ ಮೂರನೆಯದೊಂದು ದರ, ಮೂರನೆಯದೊಂದು ಸಾಲು ಇರಲೇಬೇಕು.

ಕೆಲಸ ಮಾಡಿಸುವ ಎಲ್ಲರಲ್ಲಿ ನನ್ನ ಕೋರಿಕೆ ಇಷ್ಟೇ. ನಿಮ್ಮ ಹಾಜರಿ ಪುಸ್ತಕದಲ್ಲಿ ಪ್ರತಿ ದಿನದ ಸಾಲಿನಲ್ಲಿ ಮೇಸ್ತ್ರಿ ಎಷ್ಟು, ಕೈಯಾಳು ಎಷ್ಟು ಎಂಬುದರ ಪಕ್ಕದಲ್ಲೇ ಇನ್ನೆರಡು ಕಾಲಂ ಎಳೆಯಿರಿ. ಒಂದರಲ್ಲಿ ಆ ದಿನ ಗೋಡೆಗೆ ಹೋದ ಇಟ್ಟಿಗೆ, ಇನ್ನೊಂದರಲ್ಲಿ ಕೂಲಿ ಕೊಟ್ಟೂ ಖಾಲಿ ಕೂತ ಹೊತ್ತು ಮತ್ತು ಅದರ ಕಾರಣ ಬರೆಯಿರಿ. ಶನಿವಾರ ಹಣ ಎಣಿಸುವ ಮೊದಲು, ಯಾರ ಮೇಲಾದರೂ ತಪ್ಪು ಹೊರಿಸುವ ಮೊದಲು, ಆ ಎರಡು ಕಾಲಂಗಳನ್ನು ಓದಿ.